ಜಾತಕ ತೋರಿಸಿದ್ದಾಗಿದೆ, ಉತ್ತರ ಬಂದಿಲ್ಲವೇ? ಏಳು ಸೂತ್ರಗಳು

ಬಯೋಡೇಟಾ ವಾಟ್ಸ್ಆ್ಯಪ್‌ನಲ್ಲಿ ಹೋಗಿದೆ. ಫೋಟೋ ಹೋಗಿದೆ. ಜಾತಕವೂ ಹೋಗಿದೆ. ಗಂಡಿನ ಕಡೆಯವರು "ನೋಡಿ ಹೇಳ್ತೀವಿ" ಎಂದು ಸುಮ್ಮನಾಗಿದ್ದಾರೆ. ಇತ್ತ ಮನೆಯಲ್ಲಿ ಅಮ್ಮ ದಿನಕ್ಕೊಮ್ಮೆ, ಅತ್ತೆ ವಾರಕ್ಕೊಮ್ಮೆ, ಅಜ್ಜಿ ಗಂಟೆಗೊಮ್ಮೆ ಕೇಳುತ್ತಾರೆ: "ಏನಾಯ್ತು?"

ಚೆನ್ನೈನ ಸೌಕಾರ್‌ಪೇಟೆಯಲ್ಲಿರುವ ಕನ್ನಡ ಮನೆಗೆ ಇನ್ನೂ ಒಂದು ಗೊಂದಲವಿದೆ. ಮಿಂಟ್ ಸ್ಟ್ರೀಟಿನ ತಮಿಳು ಜೋಸ್ಯರು ಹತ್ತು ಪೊರುತ್ತಂ ನೋಡುತ್ತಾರೆ. ಪಕ್ಕದ ಮನೆಯ ಮಾರ್ವಾಡಿ ಆಂಟಿ "36ಕ್ಕೆ ಎಷ್ಟು ಗುಣ ಬಂತು?" ಎನ್ನುತ್ತಾರೆ. ಊರಿನ ಪುರೋಹಿತರು ಫೋನಿನಲ್ಲೇ "ಸಾಲಾವಳಿ ಚೆನ್ನಾಗಿದೆ" ಎಂದುಬಿಡುತ್ತಾರೆ. ಒಂದೇ ಜೋಡಿಗೆ ಮೂರು ತೀರ್ಪು! ಹಾಗಾದರೆ ಯಾವುದನ್ನು ನಂಬಬೇಕು?

ನಂಬುವ ಮೊದಲು ಲೆಕ್ಕ ತಿಳಿಯಿರಿ. ಜಾತಕ ನೋಡುವುದಕ್ಕೆ ನಿಯಮಗಳಿವೆ, ಕೋಷ್ಟಕಗಳಿವೆ. ಅವು ಗೊತ್ತಿದ್ದವರನ್ನು ಯಾರೂ ಸುಲಭವಾಗಿ ಹೆದರಿಸಲಾರರು.

1. ಮೊದಲು ಹುಟ್ಟಿದ ಸಮಯ ಪಕ್ಕಾ ಮಾಡಿಕೊಳ್ಳಿ

ಅಮ್ಮನ ನೆನಪನ್ನು ಮಾತ್ರ ನೆಚ್ಚಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಹಳೆಯ ಡೈರಿ ತೆಗೆಸಿ. ಸಮಯವನ್ನು ನಿಮಿಷ ಸಮೇತ ಬರೆದಿಟ್ಟುಕೊಳ್ಳಿ.

ಕಾರಣ ಇದು: ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ, ಒಂದು ಪಾದ ದಾಟಲು ಸುಮಾರು ಆರು ಗಂಟೆ ಬೇಕು. ಹಾಗಾಗಿ ನಕ್ಷತ್ರದ ನಡುವೆ ಹುಟ್ಟಿದವರಿಗೆ ಅರ್ಧ ಗಂಟೆ ಹೆಚ್ಚುಕಮ್ಮಿಯಾದರೂ ನಕ್ಷತ್ರ ಬದಲಾಗದು. ನಕ್ಷತ್ರದ ಅಂಚಿನಲ್ಲಿ ಹುಟ್ಟಿದವರ ಕಥೆ ಬೇರೆ.

ನೀವು ಅಂಚಿನವರೇ ಎಂದು ಪರೀಕ್ಷಿಸಿ. ತಮಿಳುನಾಡಿನಲ್ಲಿ ವಾಕ್ಯ ಪಂಚಾಂಗ, ತಿರುಕ್ಕಣಿತ ಪಂಚಾಂಗ ಎಂದು ಎರಡು ಬಗೆ ಇವೆ. ಮೊದಲನೆಯದು ಹಳೆಯ ಸೂತ್ರವಾಕ್ಯಗಳ ಲೆಕ್ಕ. ಎರಡನೆಯದು ಇಂದಿನ ಖಗೋಳ ಗಣಿತದ ಲೆಕ್ಕ, ನಾವು ದೃಕ್ ಎನ್ನುವುದು ಅದನ್ನೇ. ಇವೆರಡರಲ್ಲಿ ನಕ್ಷತ್ರ ಮುಗಿಯುವ ಸಮಯ ಕೆಲವು ದಿನ ಗಂಟೆಗಟ್ಟಲೆ ಬೇರೆಯಾಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಮಾಡಿಸಿದರೆ ಅಯನಾಂಶದ ಪ್ರಶ್ನೆ ಬರುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗ ಬಳಸುವುದು ಲಾಹಿರಿ ಅಯನಾಂಶ. ಬೆಂಗಳೂರಿನ ಬಿ.ವಿ. ರಾಮನ್ ಅವರದು ಬೇರೆ. ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸವಿದೆ. ಚಂದ್ರ ಅಷ್ಟು ದೂರ ಸಾಗಲು ಎರಡೂವರೆ ಗಂಟೆಗೂ ಮಿಕ್ಕಿ ಬೇಕು.

ಆದ್ದರಿಂದ ಜಾತಕದ ಪ್ರತಿಯ ಮೇಲೆ ಎರಡು ವಿವರ ಬರೆಸಿ: ಯಾವ ಪಂಚಾಂಗ, ಯಾವ ಅಯನಾಂಶ. ಗಂಡಿನ ಕಡೆಯ ಜಾತಕವೂ ಅದೇ ಲೆಕ್ಕದ್ದೇ ಎಂದು ಕೇಳಿ. ಹುಡುಗಿಯದು ವಾಕ್ಯ, ಹುಡುಗನದು ದೃಕ್ ಆದರೆ ತಾಳೆ ಹಾಕುವುದಕ್ಕೇ ಅರ್ಥವಿಲ್ಲ.

2. "ಕೂಡಿಲ್ಲ" ಎಂದರೆ ಯಾವ ಪದ್ಧತಿಯಲ್ಲಿ ಎಂದು ಕೇಳಿ

ತಮಿಳು ಪದ್ಧತಿಯ ಹತ್ತು ಪೊರುತ್ತಂ ಇವು: ದಿನ, ಗಣ, ಮಹೇಂದ್ರ, ಸ್ತ್ರೀದೀರ್ಘ, ಯೋನಿ, ರಾಶಿ, ರಾಶ್ಯಧಿಪತಿ, ವಶ್ಯ, ರಜ್ಜು, ವೇಧ. ಇವುಗಳಲ್ಲಿ ರಜ್ಜುವಿಗೆ ದೊಡ್ಡ ಸ್ಥಾನ. ಅಷ್ಟಕೂಟದಲ್ಲಿ ಎಂಟು ಬಾಬ್ತು: ವರ್ಣ 1, ವಶ್ಯ 2, ತಾರೆ 3, ಯೋನಿ 4, ಗ್ರಹಮೈತ್ರಿ 5, ಗಣ 6, ರಾಶಿ 7, ನಾಡಿ 8. ಒಟ್ಟು 36. ಅರ್ಧ, ಅಂದರೆ 18 ದಾಟಿದರೆ ಸಾಕು ಎಂಬುದು ರೂಢಿ. ಇಲ್ಲಿ ನಾಡಿಯೇ ದೊಡ್ಡದು. ಈ ಎಂಟರಲ್ಲಿ ರಜ್ಜು ಇಲ್ಲ, ಆ ಹತ್ತರಲ್ಲಿ ನಾಡಿ ಇಲ್ಲ. ಗೊಂದಲದ ಬೇರು ಇಲ್ಲಿದೆ.

ಒಂದು ಜೋಡಿ ತೆಗೆದುಕೊಂಡು ಲೆಕ್ಕ ಹಾಕೋಣ. ಸೌಕಾರ್‌ಪೇಟೆಯ ಹುಡುಗಿ ಮಖಾ ನಕ್ಷತ್ರ, ಸಿಂಹ ರಾಶಿ. ಮೈಸೂರಿನ ಹುಡುಗ ಜ್ಯೇಷ್ಠಾ ನಕ್ಷತ್ರ, ವೃಶ್ಚಿಕ ರಾಶಿ.

ಅಷ್ಟಕೂಟ ಹಾಕಿ. ವರ್ಣಕ್ಕೆ 1. ತಾರೆ ಎರಡೂ ಕಡೆಯಿಂದ ಶುಭ, ಆದ್ದರಿಂದ 3. ರವಿ ಮತ್ತು ಕುಜ ಮಿತ್ರರು, ಗ್ರಹಮೈತ್ರಿಗೆ 5. ಇಬ್ಬರದೂ ರಾಕ್ಷಸ ಗಣ, ಹಾಗಾಗಿ ಗಣಕ್ಕೆ ಪೂರ್ತಿ 6. ರಾಶಿಗಳು ನಾಲ್ಕು-ಹತ್ತರ ಸಂಬಂಧದಲ್ಲಿವೆ, 7. ಮಖಾ ಅಂತ್ಯ ನಾಡಿ, ಜ್ಯೇಷ್ಠಾ ಆದಿ ನಾಡಿ, 8. ವಶ್ಯ, ಯೋನಿಗಳನ್ನು ಬಿಟ್ಟರೂ 36ಕ್ಕೆ 30. ಮಾರ್ವಾಡಿ ಆಂಟಿ ಸಿಹಿ ಹಂಚಲು ಹೇಳುತ್ತಾರೆ.

ಈಗ ತಮಿಳು ಜೋಸ್ಯರ ಬಳಿ ಹೋಗಿ. 27 ನಕ್ಷತ್ರಗಳನ್ನು ಅವರು ಪಾದ, ಕಟಿ, ನಾಭಿ, ಕಂಠ, ಶಿರ ಎಂಬ ಐದು ರಜ್ಜುಗಳಿಗೆ ಹಂಚುತ್ತಾರೆ. ಗಂಡು-ಹೆಣ್ಣು ಒಂದೇ ರಜ್ಜುವಿನಲ್ಲಿ ಬರಬಾರದು. ಮಖಾ ಪಾದ ರಜ್ಜು. ಜ್ಯೇಷ್ಠಾ ಕೂಡ ಪಾದ ರಜ್ಜು. "ರಜ್ಜು ಇಲ್ಲ, ಬೇಡ." ಒಂದೇ ಮಾತಿನಲ್ಲಿ ಮುಗಿಯಿತು.

ಅಲ್ಲಿಗೇ ಎದ್ದು ಬರಬೇಡಿ. ಮುಂದಿನ ಪ್ರಶ್ನೆ ಕೇಳಿ: "ಆರೋಹಣವೋ ಅವರೋಹಣವೋ?" ಪಾದ ರಜ್ಜುವಿನಲ್ಲಿ ಮಖಾ ಆರೋಹಣದ ನಕ್ಷತ್ರ, ಜ್ಯೇಷ್ಠಾ ಅವರೋಹಣದ್ದು. ದಿಕ್ಕು ಬೇರೆಯಾದರೆ ದೋಷ ಹಗುರ ಎಂದು ಒಪ್ಪುವ ಜೋಸ್ಯರಿದ್ದಾರೆ. ಮೇಲಾಗಿ ಪಾದ ರಜ್ಜುವಿಗೆ ಶಾಸ್ತ್ರ ಹೇಳುವ ಫಲ ಅಲೆದಾಟ, ಐದರಲ್ಲಿ ತೀರಾ ಸೌಮ್ಯವಾದದ್ದು. ಚೆನ್ನೈ ಬಿಟ್ಟು ಮೈಸೂರಿಗೆ, ಅಲ್ಲಿಂದ ಕಂಪನಿ ಕಳಿಸಿದಲ್ಲಿಗೆ ಹೋಗಲು ಸಿದ್ಧರಿರುವ ಜೋಡಿಗೆ ಅಲೆದಾಟ ಎಂಥ ಶಾಪ?

ಇದಕ್ಕೆ ಮೊದಲ ಸೂತ್ರ ಸೇರಿಸಿ ನೋಡಿ. ಹುಡುಗಿ ಹುಟ್ಟಿದ್ದು ಲಾಹಿರಿ ಲೆಕ್ಕದ ಮಖಾ ನಕ್ಷತ್ರದ ಕೊನೆಯ ಎರಡು ಗಂಟೆಯಲ್ಲಿ ಎಂದುಕೊಳ್ಳಿ. ರಾಮನ್ ಅಯನಾಂಶ ಹಾಕಿದರೆ ಆಕೆ ಪುಬ್ಬಾ ನಕ್ಷತ್ರಕ್ಕೆ ಹೋಗುತ್ತಾಳೆ. ಪುಬ್ಬಾ ಕಟಿ ರಜ್ಜು. ರಜ್ಜು ದೋಷ ಮಾಯ! ಆದರೆ ಪುಬ್ಬಾ ಮನುಷ್ಯ ಗಣವಾದ್ದರಿಂದ ಗಣದ ಅಂಕಗಳು ಕೈಬಿಡುತ್ತವೆ. ಹುಡುಗಿ ಅವಳೇ, ಹುಡುಗ ಅವನೇ. ಬದಲಾದದ್ದು ಲೆಕ್ಕದ ಸೆಟ್ಟಿಂಗ್ ಮಾತ್ರ.

3. ಒಂದು ಪದ್ಧತಿ, ಒಬ್ಬ ಜೋಯಿಸರು, ಒಂದೇ ಸಲ

ಓದಿಸುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ: ಯಾವ ಪದ್ಧತಿ, ಯಾರ ಬಳಿ. ಎರಡೂ ಕಡೆಯವರು ಒಪ್ಪಲಿ. ಬಂದ ಉತ್ತರವೇ ಕೊನೆ ಎಂದು ಮಾತು ತೆಗೆದುಕೊಳ್ಳಿ.

ಹೀಗೇಕೆ? ನಾಡಿಗಳು ಮೂರು, ಪ್ರತಿ ನಾಡಿಗೆ ಒಂಬತ್ತು ನಕ್ಷತ್ರ. ಸುಮ್ಮನೆ ಆರಿಸಿದ ಯಾವುದೇ ಜೋಡಿಯಲ್ಲೂ ಮೂರಕ್ಕೊಂದು ಸಲ ನಾಡಿ ಒಂದೇ ಬರುತ್ತದೆ. ಇದಕ್ಕೆ ರಜ್ಜು ಸೇರಿಸಿ, ಗಣ ಸೇರಿಸಿ, ಕುಜ ಸೇರಿಸಿ. ಪರೀಕ್ಷೆ ಹೆಚ್ಚಿದಷ್ಟೂ ಎಲ್ಲದರಲ್ಲೂ ಪಾಸಾಗುವ ಜೋಡಿ ಕಡಿಮೆಯಾಗುತ್ತದೆ. ನಾಲ್ಕು ಕಡೆ ತೋರಿಸಿದರೆ ಎಲ್ಲೋ ಒಂದು ಕಡೆ "ಬೇಡ" ಬಂದೇ ಬರುತ್ತದೆ. ಮನೆಯವರ ಮನಸ್ಸಿನಲ್ಲಿ ಉಳಿಯುವುದು ಆ ಒಂದು "ಬೇಡ" ಮಾತ್ರ.

ಇನ್ನೊಂದು ತಪ್ಪು ತಿಳಿವಳಿಕೆ ತಿದ್ದಿಕೊಳ್ಳಿ. ನಾಡಿ ಎಂದರೆ ಬ್ಲಡ್ ಗ್ರೂಪ್ ಅಲ್ಲ. ಅದು 27 ನಕ್ಷತ್ರಗಳನ್ನು ಮೂರಾಗಿ ಹಂಚಿದ ಪಟ್ಟಿ. ಮಕ್ಕಳ ಆರೋಗ್ಯದ ಚಿಂತೆಯಿದ್ದರೆ ಕೇಳಬೇಕಾದದ್ದು ಬೇರೆ: ಸೋದರಮಾವನ ಅಥವಾ ಅತ್ತೆಯ ಮಗನ ಸಂಬಂಧವೇ? ಹಾಗಿದ್ದರೆ ಮದುವೆಗೆ ಮುಂಚೆಯೇ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ. ಸಂಬಂಧ ಹೊರಗಿನದಾದರೂ ಥಲಸ್ಸೀಮಿಯಾ ವಾಹಕರೇ ಎಂಬ ರಕ್ತಪರೀಕ್ಷೆ ಇಬ್ಬರೂ ಮಾಡಿಸಿಕೊಳ್ಳಿ.

4. ದೋಷ ಎಂದವರಿಗೆ ಮನೆ ಎಣಿಸಲು ಹೇಳಿ

"ಹುಡುಗಿಗೆ ಸೆವ್ವಾಯ್ ದೋಷಂ" ಎಂದು ಕೇಳಿದೊಡನೆ ಅಮ್ಮನ ಮುಖ ಬಾಡುತ್ತದೆ. ನೀವು ಬಾಡಬೇಡಿ. ಎಣಿಸಿ.

ದಕ್ಷಿಣದ ರೂಢಿಯಲ್ಲಿ ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜನಿದ್ದರೆ ಕುಜದೋಷ. ಉತ್ತರದವರು 1ನೇ ಮನೆಯನ್ನೂ ಸೇರಿಸುತ್ತಾರೆ. ಹನ್ನೆರಡರಲ್ಲಿ ಐದು ಮನೆ ಎಂದರೆ ಹುಟ್ಟಿದವರಲ್ಲಿ ನೂರಕ್ಕೆ ಸುಮಾರು 42 ಮಂದಿ. ಕೆಲವರು ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುತ್ತಾರೆ. ಮೂರೂ ಕಡೆಯಿಂದ ನೋಡಿದರೆ ದೋಷವಿಲ್ಲದವರೇ ಅಲ್ಪಸಂಖ್ಯಾತರು. ನಿಮ್ಮನ್ನು ನೋಡಲು ಬಂದವರ ಅರ್ಧ ಪರಿವಾರಕ್ಕೆ ಇದೇ ದೋಷವಿರಬಹುದು.

ಶಾಸ್ತ್ರವೇ ವಿನಾಯಿತಿಯನ್ನೂ ಕೊಟ್ಟಿದೆ. ಕುಜ ತನ್ನ ಮನೆಗಳಾದ ಮೇಷ, ವೃಶ್ಚಿಕದಲ್ಲಿದ್ದರೆ, ಅಥವಾ ಉಚ್ಚನಾಗಿ ಮಕರದಲ್ಲಿದ್ದರೆ ದೋಷ ಹೋಗುತ್ತದೆ ಎನ್ನುತ್ತಾರೆ. ಇಬ್ಬರಿಗೂ ಇದ್ದರೆ ಸರಿಹೋಯಿತು ಎನ್ನುತ್ತಾರೆ. "ದೋಷ ಇದೆ" ಎಂದು ಹೇಳಿ ವಿನಾಯಿತಿ ನೋಡದ ಜೋಯಿಸರು ಅರ್ಧ ಕೆಲಸ ಮಾಡಿದ್ದಾರೆ. ಉಳಿದರ್ಧ ಮಾಡಿಸಿ.

ಪರಿಹಾರಕ್ಕೆ ಒಂದು ಮಿತಿ ಹಾಕಿ. ಅಮ್ಮನ ಸಮಾಧಾನಕ್ಕೆ ತಿರುವಿಡಂದೈ ನಿತ್ಯಕಲ್ಯಾಣ ಪೆರುಮಾಳ್ ದೇವಸ್ಥಾನಕ್ಕೆ ಹೋಗಿಬನ್ನಿ. ಈಸಿಆರ್ ರಸ್ತೆಯಲ್ಲೇ ಇದೆ, ಅರ್ಧ ದಿನದ ಕೆಲಸ. ವೈದೀಶ್ವರನ್ ಕೋಯಿಲಿಗೆ ಹೋಗುತ್ತೇವೆಂದರೆ ಜೊತೆಗೆ ಹೋಗಿ. ಆದರೆ ದೋಷ ಕಂಡುಹಿಡಿದವರೇ ಹೋಮದ ಎಸ್ಟಿಮೇಟ್ ಕೊಟ್ಟರೆ ನಮಸ್ಕಾರ ಹೇಳಿ ಎದ್ದು ಬನ್ನಿ. ರೋಗ ಹೇಳುವವರೂ ಮದ್ದು ಮಾರುವವರೂ ಒಬ್ಬರೇ ಆದರೆ ರೋಗ ವಾಸಿಯಾಗುವುದೇ ಇಲ್ಲ.

ಭವಿಷ್ಯ ಹೇಳುವ ಶಕ್ತಿಯ ಬಗ್ಗೆಯೂ ಒಂದು ಪರೀಕ್ಷೆ ನಡೆದಿದೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಪುಣೆಯಲ್ಲಿ 200 ಮಕ್ಕಳ ಜಾತಕ ಸಂಗ್ರಹಿಸಿದರು. ಅವರಲ್ಲಿ ಅರ್ಧ ಪ್ರತಿಭಾವಂತರು, ಅರ್ಧ ಬುದ್ಧಿಮಾಂದ್ಯರು. ಯಾರು ಯಾವ ಗುಂಪು ಎಂದು ಹೇಳಲು 27 ಜ್ಯೋತಿಷಿಗಳಿಗೆ 40 ಜಾತಕಗಳಂತೆ ಕೊಡಲಾಯಿತು. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಫಲಿತಾಂಶ 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಮನೆಯ ಹಿರಿಯರ ಜೊತೆ ಇದನ್ನು ಹಿಡಿದು ಜಗಳಕ್ಕೆ ಇಳಿಯಬೇಡಿ. ನಿಮ್ಮ ಎದೆಬಡಿತ ಇಳಿಸಿಕೊಳ್ಳಲು ಬಳಸಿ.

5. ಗುರುಬಲದ ಡೆಡ್‌ಲೈನ್‌ಗೆ ಬೆದರಬೇಡಿ

"ಈ ಗುರುಬಲ ತಪ್ಪಿದರೆ ಇನ್ನು ಮದುವೆ ಕಷ್ಟ." ಒತ್ತಡ ಹಾಕಲು ಇದಕ್ಕಿಂತ ಹರಿತವಾದ ಮಾತಿಲ್ಲ. ಉತ್ತರ ಲೆಕ್ಕದಲ್ಲೇ ಇದೆ.

ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ಹನ್ನೆರಡು ರಾಶಿ ಸುತ್ತಲು ಸುಮಾರು 12 ವರ್ಷ. ಜನ್ಮರಾಶಿಯಿಂದ 2, 5, 7, 9, 11ರಲ್ಲಿ ಗುರು ಬಂದಾಗ ಗುರುಬಲ. ಪಟ್ಟಿ ಹಾಕಿ ನೋಡಿ. 2 ಆದ ಮೇಲೆ 3, 4 ಕಳೆದರೆ 5. 5ರ ನಂತರ ಒಂದು ಮನೆ ಬಿಟ್ಟರೆ 7. ಆಮೇಲೆ ಒಂದು ಬಿಟ್ಟು 9, ಒಂದು ಬಿಟ್ಟು 11. 11ರ ನಂತರ 12, 1 ಕಳೆದರೆ ಮತ್ತೆ 2. ಅಂದರೆ ಗುರುಬಲವಿಲ್ಲದ ಅತಿ ದೀರ್ಘ ಅವಧಿ ಎರಡು ರಾಶಿ, ಸುಮಾರು ಎರಡು ವರ್ಷ. ನಮ್ಮ ಸಿಂಹ ರಾಶಿಯ ಹುಡುಗಿಗೆ ಗುರು ಮಿಥುನದಲ್ಲಿದ್ದಾಗ ಬಲವಿದೆ. ಕರ್ಕ, ಸಿಂಹದಲ್ಲಿ ಇಲ್ಲ. ಕನ್ಯೆಗೆ ಬಂದರೆ ಮತ್ತೆ ಇದೆ.

ಅಪ್ಪನ ಎದುರು ಹೀಗೆ ಹೇಳಿ: "ಅಪ್ಪ, ಗುರುಬಲ ತಪ್ಪಿದರೂ ತಿರುಗಿ ಬರುತ್ತೆ. ನಾನೇ ಎಣಿಸಿ ನೋಡಿದ್ದೀನಿ. ಅವಸರಕ್ಕೆ ಒಪ್ಪಿಕೊಂಡ ಸಂಬಂಧ ಮಾತ್ರ ವಾಪಸು ಕೊಡೋಕಾಗಲ್ಲ." ಶಾಸ್ತ್ರ ನಂಬುವವರಿಗೆ ಶಾಸ್ತ್ರದ ಲೆಕ್ಕದಲ್ಲೇ ಉತ್ತರ ಕೊಟ್ಟರೆ ಮಾತು ಬೇಗ ಇಳಿಯುತ್ತದೆ.

6. ಜಾತಕ ಹೇಳದ ಪ್ರಶ್ನೆಗಳನ್ನು ಹುಡುಗನಿಗೇ ಕೇಳಿ

ಹತ್ತು ಪೊರುತ್ತಂನಲ್ಲಿ ಸಂಬಳವಿಲ್ಲ. ಎಂಟು ಕೂಟಗಳಲ್ಲಿ ಸಾಲವಿಲ್ಲ. ಹಾಗಾಗಿ ಹಿರಿಯರು ಒಳಗೆ ಕಾಫಿ ಕುಡಿಯುವಾಗ ಸಿಗುವ ಹತ್ತು ನಿಮಿಷಕ್ಕೆ ತೃಪ್ತರಾಗಬೇಡಿ. ಹೊರಗೆ ಇನ್ನೊಮ್ಮೆ ಭೇಟಿ ಕೇಳಿ. ಇಲ್ಲವೇ ವಿಡಿಯೋ ಕಾಲ್‌ನಲ್ಲಿ ಒಂದು ಗಂಟೆ ಕೇಳಿ.

ಐದು ಪ್ರಶ್ನೆ ಬರೆದುಕೊಂಡು ಹೋಗಿ. ಮದುವೆ ನಿಮ್ಮ ಇಷ್ಟವೋ, ಮನೆಯವರ ಒತ್ತಾಯವೋ? ನನ್ನ ಕೆಲಸ ಚೆನ್ನೈಯಲ್ಲಿದೆ, ಮೈಸೂರಿಗೆ ಬಂದರೆ ಅಲ್ಲಿ ಕೆಲಸ ಹುಡುಕಲು ಎಷ್ಟು ಸಮಯ ಕೊಡುತ್ತೀರಿ? ನಿಮ್ಮ ಹೆಸರಿನಲ್ಲಿ ಏನೇನು ಲೋನ್ ಇದೆ? ನನ್ನ ಸಂಬಳದಲ್ಲಿ ನಾನು ಅಪ್ಪ-ಅಮ್ಮನಿಗೆ ಕಳಿಸುತ್ತೇನೆ, ಒಪ್ಪಿಗೆಯೇ? ಮದುವೆ ಖರ್ಚು ಯಾರು, ಎಷ್ಟು?

ಮೊದಲ ಪ್ರಶ್ನೆಗೆ ಆತ ತಡವರಿಸಿದರೆ ಅಲ್ಲೇ ನಿಲ್ಲಿ. ಅವರ ಮನೆಯಿಂದ ಉತ್ತರ ತಡವಾಗಲು ಅದೇ ಕಾರಣವಿರಬಹುದು. "ಜಾತಕ ಕೂಡಲಿಲ್ಲ" ಎಂಬುದು ಎಷ್ಟೋ ಸಲ ಮರ್ಯಾದೆಯಾಗಿ "ಬೇಡ" ಎನ್ನುವ ದಾರಿ. ಬೇರೆ ಸಂಬಂಧ ಕುದುರಿರಬಹುದು, ಹುಡುಗನಿಗೆ ಬೇರೆ ಮನಸ್ಸಿರಬಹುದು. ಅದಕ್ಕೆ ನಿಮ್ಮ ನಕ್ಷತ್ರವನ್ನು ದೂರಬೇಡಿ.

ಐದನೆಯ ಪ್ರಶ್ನೆಗೆ "ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ" ಎಂಬ ಉತ್ತರ ಬಂದರೆ ಎಚ್ಚರ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳುವುದೂ ಅಪರಾಧ, ಕೊಡುವುದೂ ಅಪರಾಧ. ಸೌಕಾರ್‌ಪೇಟೆಯ ಚಿನ್ನದ ಅಂಗಡಿಗೆ ಓಡುವ ಮೊದಲು ಮಾತು ಸ್ಪಷ್ಟ ಮಾಡಿಕೊಳ್ಳಿ.

7. ಕಾಯುವುದಕ್ಕೆ ದಿನಾಂಕ ಹಾಕಿ, ಒಪ್ಪಿಗೆ ನಿಮ್ಮ ಬಾಯಲ್ಲೇ ಬರಲಿ

ಗಡುವಿಲ್ಲದೆ ಕಾಯಬೇಡಿ. ಭೇಟಿಯಾದ ದಿನದಿಂದ ಎರಡು ವಾರ ಸಾಕು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನ ಅಪ್ಪನೋ ಸೋದರಮಾವನೋ ಒಂದೇ ಫೋನ್ ಮಾಡಲಿ. ಮಾತನ್ನು ಮೊದಲೇ ಸಿದ್ಧ ಮಾಡಿ ಕೊಡಿ: "ನಮಗೆ ಒಪ್ಪಿಗೆ ಇದೆ. ನಿಮ್ಮ ಅಭಿಪ್ರಾಯ ಭಾನುವಾರದೊಳಗೆ ತಿಳಿಸಿ. ಇಲ್ಲದಿದ್ದರೆ ನಾವು ಬೇರೆ ಕಡೆ ನೋಡ್ತೀವಿ, ಬೇಸರ ಮಾಡ್ಕೋಬೇಡಿ." ಭಾನುವಾರ ಕಳೆಯಿತೇ? ಆ ಫೈಲ್ ಮುಚ್ಚಿ. ಮೌನವೂ ಉತ್ತರವೇ.

ಮನೆಯಲ್ಲೂ ಗಡುವು ಹಾಕಿ. "ಏನಾಯ್ತು?" ಎಂದು ದಿನವೂ ಕೇಳುವವರಿಗೆ ಹೇಳಿ: "ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಮಾತಾಡೋಣ, ಅಲ್ಲೀತನಕ ಬೇಡ." ವಾರಕ್ಕೆ ಒಂದು ಮಾತುಕತೆ ಎಂದು ನಿಯಮ ಮಾಡಿದರೆ ಉಳಿದ ಆರು ದಿನ ನಿಮ್ಮ ಕೆಲಸಕ್ಕೆ ಸಿಗುತ್ತವೆ.

ಅನುಮಾನವಿದ್ದರೆ ಅದಕ್ಕೆ ಹೆಸರಿಡಿ. ಹುಡುಗನ ಮೇಲೋ, ಊರಿನ ಮೇಲೋ, ಮದುವೆಯ ಮೇಲೋ? ಒಂದು ಸಾಲಿನಲ್ಲಿ ಬರೆಯಿರಿ. ಬರೆದದ್ದಕ್ಕೆ ಪ್ರಶ್ನೆ ಕೇಳಬಹುದು, ಉತ್ತರ ಪಡೆಯಬಹುದು. ಬರೆಯದೆ ಬಿಟ್ಟದ್ದು ರಾತ್ರಿ ನಿದ್ದೆ ಕೆಡಿಸುತ್ತದೆ.

ಕೊನೆಗೆ "ಹೂಂ" ಅಥವಾ "ಬೇಡ", ಎರಡನ್ನೂ ನೀವೇ ಹೇಳಿ. ತಲೆ ತಗ್ಗಿಸಿ ಸುಮ್ಮನೆ ಕೂತರೆ ಮನೆಯವರು ಅದನ್ನು ಒಪ್ಪಿಗೆ ಎಂದೇ ಓದುತ್ತಾರೆ. ವಯಸ್ಕರಿಬ್ಬರು ಮದುವೆಯಾಗಲು ಅವರ ಒಪ್ಪಿಗೆಯೇ ಸಾಕು, ಕುಟುಂಬದ್ದೋ ಕುಲದ್ದೋ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಹೇಳಿದೆ. ಬಲವಂತದಿಂದ ಅಥವಾ ವಂಚನೆಯಿಂದ ಪಡೆದ ಒಪ್ಪಿಗೆಯ ಮದುವೆಯನ್ನು ರದ್ದು ಮಾಡಿಸಲು 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬಲವಂತ ನಿಂತ ಅಥವಾ ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮಾತು ಹೊಡೆತ, ಬೆದರಿಕೆ, ಕೂಡಿಹಾಕುವ ಮಟ್ಟಕ್ಕೆ ಹೋದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಬಹಳಷ್ಟು ಮನೆಗಳಲ್ಲಿ ಅಷ್ಟು ದೂರ ಹೋಗುವ ಅಗತ್ಯ ಬರುವುದಿಲ್ಲ. ಅಪ್ಪ-ಅಮ್ಮನಿಗೆ ಬೇಕಾಗಿರುವುದು ಒಂದು ಖಚಿತ ಮಾತು. ಇವತ್ತೇ ಜಾತಕದ ಪ್ರತಿ ತೆಗೆಯಿರಿ, ಪಂಚಾಂಗ ಯಾವುದು ಎಂದು ನೋಡಿ, ಐದು ಪ್ರಶ್ನೆ ಬರೆಯಿರಿ, ಗಡುವಿನ ದಿನಾಂಕಕ್ಕೆ ಗುರುತು ಹಾಕಿ. ಜಾತಕ ಓದುವುದು ಜೋಯಿಸರ ಕೆಲಸ. ಸಂಬಂಧ ಒಪ್ಪುವುದು ನಿಮ್ಮ ಕೆಲಸ, ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಬೇಡಿ.